ಲಂಡನ್ನಿನಲ್ಲಿ ಬ್ಯಾಂಕ್ ಕಾರ್ಡ್ ಟ್ಯಾಪ್ ಮಾಡಿ ಓಡಾಡುವುದು: ದಿನದ ಮಿತಿ ಹೇಗೆ ಲೆಕ್ಕವಾಗುತ್ತದೆ, ಎಲ್ಲಿ ಕೈತಪ್ಪುತ್ತದೆ

ಲಂಡನ್ನಿನ ಬಸ್ಸುಗಳಲ್ಲಿ ಬ್ಯಾಂಕಿನ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ನಡೆಯತೊಡಗಿದ್ದು 2012ರ ಡಿಸೆಂಬರಿನಲ್ಲಿ. 2014ರ ಸೆಪ್ಟೆಂಬರಿನಲ್ಲಿ ಅದು ಟ್ಯೂಬ್, ಅಂದರೆ ನೆಲದಡಿಯ ರೈಲಿಗೂ ಬಂತು. ಟಿಕೆಟ್ ಕೊಳ್ಳಬೇಕಿಲ್ಲ, ಮೊದಲೇ ಹಣ ತುಂಬಿಸಿಡಬೇಕಿಲ್ಲ. ಜೇಬಿನಲ್ಲಿರುವ ಕಾರ್ಡನ್ನೇ ಹಳದಿ ರೀಡರಿಗೆ ಹಿಡಿದರೆ ಗೇಟ್ ತೆರೆಯುತ್ತದೆ. ದಿನಕ್ಕೆ ಇಷ್ಟೇ ಎಂಬ ಮಿತಿ ತಲುಪಿದ ಮೇಲೆ ಆ ದಿನದ ಉಳಿದ ಓಡಾಟಕ್ಕೆ ದುಡ್ಡಿಲ್ಲ. ಈ ಮಿತಿಯ ಲಾಭ ತಾನಾಗಿಯೇ ಸಿಗುತ್ತದೆ, ನಿಜ. ಆದರೆ ಕೆಲವು ಸಣ್ಣ ಅಭ್ಯಾಸಗಳಿಂದ ಅದು ತಾನಾಗಿಯೇ ಕೈತಪ್ಪಿಯೂ ಹೋಗುತ್ತದೆ. ಗೇಟಿನ ಹಿಂದೆ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ಎರಡೂ ಯಾಕೆ ಹಾಗೆ ಎಂಬುದು ತಿಳಿಯುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಗೇಟಿನಲ್ಲಿ ದುಡ್ಡು ಕಡಿತವಾಗುವುದಿಲ್ಲ

ಅಂಗಡಿಯಲ್ಲಿ ಕಾರ್ಡ್ ಹಿಡಿದರೆ ಯಂತ್ರ ಬ್ಯಾಂಕನ್ನು ಕೇಳಿ, ಒಪ್ಪಿಗೆ ಪಡೆದು, ಮೊತ್ತವನ್ನು ಕಡಿತ ಮಾಡುತ್ತದೆ. ಇದಕ್ಕೆ ಒಂದೆರಡು ಸೆಕೆಂಡು ಬೇಕು. ಬೆಳಗಿನ ಗದ್ದಲದಲ್ಲಿ ಟ್ಯೂಬ್ ಗೇಟಿಗೆ ಅಷ್ಟು ಹೊತ್ತು ಇಲ್ಲ. ಅರ್ಧ ಸೆಕೆಂಡಿನೊಳಗೆ ತೆರೆಯಬೇಕು, ಇಲ್ಲವಾದರೆ ಹಿಂದೆ ಸಾಲು ಬೆಳೆಯುತ್ತದೆ. ಆದ್ದರಿಂದ ಗೇಟು ಬ್ಯಾಂಕನ್ನು ಕೇಳಲು ಹೋಗುವುದಿಲ್ಲ. ಕಾರ್ಡಿನ ಚಿಪ್ಪಿನಲ್ಲಿರುವ ಡಿಜಿಟಲ್ ಸಹಿಯನ್ನು ನೋಡಿ ಕಾರ್ಡ್ ಅಸಲಿ ಎಂದು ಖಚಿತಪಡಿಸಿಕೊಳ್ಳುತ್ತದೆ, ತನ್ನಲ್ಲಿರುವ ನಿಷೇಧಿತ ಕಾರ್ಡುಗಳ ಪಟ್ಟಿಯಲ್ಲಿ ಅದು ಇಲ್ಲವೆಂದು ನೋಡಿಕೊಳ್ಳುತ್ತದೆ, ಆಮೇಲೆ ತೆರೆಯುತ್ತದೆ. ಯಾವ ಕಾರ್ಡ್, ಯಾವ ನಿಲ್ದಾಣ, ಎಷ್ಟು ಹೊತ್ತಿಗೆ ಎಂಬ ಮೂರು ಸಂಗತಿ ಟಿಎಫ್‌ಎಲ್‌ನ, ಅಂದರೆ ಲಂಡನ್ನಿನ ಸಾರಿಗೆ ಸಂಸ್ಥೆಯ, ಕಂಪ್ಯೂಟರಿಗೆ ಹೋಗುತ್ತದೆ.

ನಿಜವಾದ ಲೆಕ್ಕ ನಡೆಯುವುದು ರಾತ್ರಿ. ಆ ಕಾರ್ಡಿನ ದಿನದ ಟ್ಯಾಪುಗಳನ್ನೆಲ್ಲ ಸಮಯದ ಪ್ರಕಾರ ಜೋಡಿಸಿ, ಒಳಹೋದದ್ದಕ್ಕೆ ಹೊರಬಂದದ್ದನ್ನು ಸೇರಿಸಿ ಒಂದೊಂದು ಪ್ರಯಾಣ ಮಾಡುತ್ತಾರೆ. ಪ್ರತಿಯೊಂದಕ್ಕೂ ದರ ಹಾಕಿ, ಒಟ್ಟು ಮಿತಿಯನ್ನು ದಾಟಿದ್ದರೆ ಅಲ್ಲಿಗೇ ನಿಲ್ಲಿಸಿ, ಒಂದೇ ಮೊತ್ತವನ್ನು ಬ್ಯಾಂಕಿಗೆ ಕಳಿಸುತ್ತಾರೆ. ದಿನವಿಡೀ ಸಾಮಾನು ಬರೆಸಿಕೊಂಡು ರಾತ್ರಿ ಒಟ್ಟು ಕೂಡಿಸುವ ಅಂಗಡಿಯ ಉದ್ರಿ ಪುಸ್ತಕದ ಹಾಗೆ ಇದು. ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಒಂದೇ ಪುಟ ಇದ್ದರೆ ಮಾತ್ರ ಒಟ್ಟು ಸರಿಯಾಗಿ ಬರುತ್ತದೆ. ಮುಂದೆ ಹೇಳುವ ಎಡವಟ್ಟುಗಳಲ್ಲಿ ಹೆಚ್ಚಿನವು ಒಬ್ಬರ ಲೆಕ್ಕ ಎರಡು ಪುಟಗಳಲ್ಲಿ ಹಂಚಿಹೋಗುವುದರಿಂದ ಆಗುವಂಥವು.

ಗೇಟಿನಲ್ಲಿ "ಇಷ್ಟು ಕಡಿತವಾಯಿತು" ಎಂದು ಯಾವ ಅಂಕಿಯೂ ಕಾಣದಿರುವುದಕ್ಕೆ ಕಾರಣವೂ ಇದೇ. ನೀವು ಒಳಹೋಗುವ ಹೊತ್ತಿಗೆ ದರ ಎಷ್ಟೆಂದು ಗೇಟಿಗೂ ಗೊತ್ತಿರುವುದಿಲ್ಲ.

ಹೊರಡುವ ಮೊದಲು

ಕಾರ್ಡಿನ ಮೇಲೆ ನಾಲ್ಕು ಬಾಗಿದ ಗೆರೆಗಳ ಕಾಂಟ್ಯಾಕ್ಟ್‌ಲೆಸ್ ಗುರುತು ಇದೆಯೇ ನೋಡಿ. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡುಗಳು ಸಾಮಾನ್ಯವಾಗಿ ನಡೆಯುತ್ತವೆ. ಬೇರೆ ದೇಶದ ಬ್ಯಾಂಕಿನ ಕಾರ್ಡ್ ಆಗಿದ್ದರೆ ಬ್ಯಾಂಕಿನ ಆ್ಯಪ್ ತೆರೆದು ಎರಡು ಸ್ವಿಚ್ಚುಗಳನ್ನು ಪರೀಕ್ಷಿಸಿ: ವಿದೇಶಿ ವಹಿವಾಟು ಒಂದು, ಕಾಂಟ್ಯಾಕ್ಟ್‌ಲೆಸ್ ವಹಿವಾಟು ಇನ್ನೊಂದು. ಎರಡೂ ಬೇರೆ ಬೇರೆ. ಒಂದನ್ನು ಮಾತ್ರ ಆನ್ ಮಾಡಿ ಹೋದವರು ಗೇಟಿನ ಮುಂದೆ ಕೆಂಪು ದೀಪ ನೋಡುತ್ತಾ ನಿಲ್ಲಬೇಕಾಗಬಹುದು, ಇಲ್ಲವೇ ಮೊದಲ ದಿನ ಸರಾಗವಾಗಿ ಹೋಗಿ, ರಾತ್ರಿ ಬ್ಯಾಂಕ್ ಹಣ ಕೊಡದೆ ಮರುದಿನ ಗೇಟು ತಡೆಯಬಹುದು. ಈ ಎರಡನೆಯದು ಹೆಚ್ಚು ಗೊಂದಲ ಹುಟ್ಟಿಸುತ್ತದೆ. "ನಿನ್ನೆ ನಡೆದಿತ್ತಲ್ಲ" ಎನಿಸುತ್ತದೆ. ನಿನ್ನೆ ತೆರೆದದ್ದು ಬ್ಯಾಂಕನ್ನು ಕೇಳದೆಯೇ ತೆರೆದ ಗೇಟು ಎಂಬುದು ನೆನಪಿರಲಿ.

ವಿದೇಶಿ ಕಾರ್ಡಿಗೆ ಬ್ಯಾಂಕ್ ಹಾಕುವ ಶುಲ್ಕವನ್ನೂ ಮೊದಲೇ ಕೇಳಿಕೊಳ್ಳಿ. ಶೇಕಡಾವಾರು ಶುಲ್ಕವಾದರೆ ದಿನದ ಮೊತ್ತದ ಮೇಲೆ ಬೀಳುತ್ತದೆ. ಒಂದು ವಹಿವಾಟಿಗೆ ಇಷ್ಟು ಎಂಬ ಶುಲ್ಕವಾದರೆ, ಇಡೀ ದಿನದ ಓಡಾಟ ಒಂದೇ ವಹಿವಾಟಾಗಿ ಬರುವುದರಿಂದ, ದಿನಕ್ಕೊಮ್ಮೆ ಬೀಳುತ್ತದೆ.

ಫೋನ್ ಬಳಸುವವರು ಬೀಗ ತೆರೆಯದೆಯೇ ಪಾವತಿಸುವ ಸೌಲಭ್ಯ ಫೋನಿನಲ್ಲಿದ್ದರೆ ಅದನ್ನು ಮೊದಲೇ ಹೊಂದಿಸಿಡಬೇಕು. ಐಫೋನಿನ ವ್ಯಾಲೆಟ್ ಸೆಟ್ಟಿಂಗಿನಲ್ಲಿ ಅದಕ್ಕೆ ಎಕ್ಸ್‌ಪ್ರೆಸ್ ಟ್ರಾವೆಲ್ ಕಾರ್ಡ್ ಎಂದು ಹೆಸರು. ಅಲ್ಲಿ ಯಾವ ಕಾರ್ಡ್ ಆಯ್ಕೆಯಾಗಿದೆ ಎಂದು ನೋಡಿಕೊಳ್ಳಿ. ಅದು ಇರದಿದ್ದರೆ ಗೇಟಿನ ಮುಂದೆ ಮುಖವನ್ನೋ ಬೆರಳನ್ನೋ ತೋರಿಸುತ್ತಾ ನಿಲ್ಲಬೇಕಾಗುತ್ತದೆ.

ಇನ್ನೊಂದು ಮಾತು. ಒಬ್ಬರಿಗೆ ಒಂದು ಕಾರ್ಡ್. ಗಂಡ ಹೆಂಡತಿ ಒಂದೇ ಕಾರ್ಡನ್ನು ಗೇಟಿನ ಮೇಲಿಂದ ದಾಟಿಸಿಕೊಂಡು ಬಳಸಲು ಆಗುವುದಿಲ್ಲ. ಮಕ್ಕಳು ಬ್ಯಾಂಕ್ ಕಾರ್ಡ್ ಬಳಸಿದರೆ ದೊಡ್ಡವರ ದರವೇ ಬೀಳುತ್ತದೆ. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಬಸ್ಸಿನಲ್ಲಿ ದರವಿಲ್ಲ. ಟ್ಯೂಬಿನಲ್ಲಿ ದೊಡ್ಡವರೊಬ್ಬರ ಜೊತೆ ಅಂಥ ನಾಲ್ಕು ಮಕ್ಕಳವರೆಗೆ ಉಚಿತ. ಅವರನ್ನು ಅಗಲವಾದ ಗೇಟಿನಿಂದ ಕರೆದುಕೊಂಡು ಹೋದರೆ ಆಯಿತು.

ಟ್ಯಾಪ್ ಮಾಡುವ ಕ್ರಮ

ಟ್ಯೂಬ್ ಮತ್ತು ರೈಲಿನಲ್ಲಿ ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ. ಕಾರ್ಡನ್ನು ಪರ್ಸಿನಿಂದ ಹೊರತೆಗೆದು, ಹಳದಿ ವೃತ್ತದ ಮೇಲೆ ಚಪ್ಪಟೆಯಾಗಿ ಇಟ್ಟು, ಹಸಿರು ದೀಪ ಬರುವವರೆಗೆ ಹಿಡಿಯಿರಿ. ಬೀಸಿಕೊಂಡು ಹೋಗಬೇಡಿ. ಗೇಟು ತೆರೆದೇ ಇದ್ದರೂ ಟ್ಯಾಪ್ ಮಾಡಲೇಬೇಕು. ಡಿಎಲ್‌ಆರ್ ಎಂಬ ಲಘು ರೈಲಿನ ಅನೇಕ ನಿಲ್ದಾಣಗಳಲ್ಲಿ ಗೇಟೇ ಇರುವುದಿಲ್ಲ, ಪ್ಲಾಟ್‌ಫಾರ್ಮಿಗೆ ಹೋಗುವ ದಾರಿಯಲ್ಲಿ ಕಂಬದ ಮೇಲೆ ರೀಡರ್ ಮಾತ್ರ ಇರುತ್ತದೆ. ಹೊಸಬರು ಅದನ್ನು ಗಮನಿಸದೆ ನಡೆದುಹೋಗುವುದು ಅಲ್ಲೇ.

ಬಸ್ಸಿನಲ್ಲಿ ಹತ್ತುವಾಗ ಒಮ್ಮೆ ಮಾತ್ರ, ಇಳಿಯುವಾಗ ಬೇಡ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ, ಹಾಗಾಗಿ ಕಾರ್ಡ್ ನಡೆಯದಿದ್ದರೆ ಚಿಲ್ಲರೆ ಕೊಟ್ಟು ಪಾರಾಗುವ ದಾರಿ ಇಲ್ಲ. ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಅದೇ ಕಾರ್ಡಿನಲ್ಲಿ ಎಷ್ಟು ಬಸ್ಸು, ಟ್ರಾಮ್ ಹತ್ತಿದರೂ ಒಂದೇ ದರ. ಇದಕ್ಕೆ ಹಾಪರ್ ದರ ಎನ್ನುತ್ತಾರೆ. ಉಚಿತವಾದರೂ ಪ್ರತಿ ಬಸ್ಸಿನಲ್ಲೂ ಟ್ಯಾಪ್ ಮಾಡಲೇಬೇಕು.

ಕೆಲವು ಅಡ್ಡನಿಲ್ದಾಣಗಳಲ್ಲಿ ರೈಲು ಬದಲಾಯಿಸುವ ದಾರಿಯಲ್ಲಿ ಗುಲಾಬಿ ಬಣ್ಣದ ರೀಡರ್ ಕಾಣುತ್ತದೆ. ದುಬಾರಿಯಾದ ಒಂದನೇ ವಲಯವನ್ನು, ಅಂದರೆ ನಗರದ ನಟ್ಟನಡುವಿನ ಭಾಗವನ್ನು, ಮುಟ್ಟದೆ ಸುತ್ತಿಕೊಂಡು ಹೋಗುತ್ತಿದ್ದೀರಿ ಎಂದು ಹೇಳಿಕೊಳ್ಳುವ ಜಾಗ ಅದು. ಅಲ್ಲಿ ಮುಟ್ಟಿಸದಿದ್ದರೆ ನೀವು ನಗರದ ನಡುವಿನಿಂದಲೇ ಹೋದಿರಿ ಎಂದು ಕಂಪ್ಯೂಟರ್ ಎಣಿಸಬಹುದು.

ಒಂದು ಮಂಗಳವಾರದ ಲೆಕ್ಕ

ಲಂಡನ್ನನ್ನು ನಡುವಿನಿಂದ ಹೊರಕ್ಕೆ ವಲಯಗಳಾಗಿ ವಿಂಗಡಿಸಿದ್ದಾರೆ, ನಟ್ಟನಡುವೆ ಒಂದನೇ ವಲಯ. ದಿನದ ಮಿತಿ ನೀವು ಯಾವ ಯಾವ ವಲಯ ಮುಟ್ಟಿದಿರಿ ಎಂಬುದರ ಮೇಲೆ ನಿಂತಿದೆ. 2025ರ ಮಾರ್ಚ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ ಒಂದು ಮತ್ತು ಎರಡನೇ ವಲಯದ ದಿನದ ಮಿತಿ 8.90 ಪೌಂಡ್. ದರಗಳು ಕಾಲಕಾಲಕ್ಕೆ ಬದಲಾಗುತ್ತವೆ, ಲೆಕ್ಕದ ರೀತಿ ಬದಲಾಗುವುದಿಲ್ಲ. ಹಾಗಾಗಿ ಆ ಪಟ್ಟಿಯನ್ನೇ ಇಟ್ಟುಕೊಂಡು ಒಂದು ದಿನ ಕೂಡಿಸೋಣ.

ಬೆಳಿಗ್ಗೆ 8:10ಕ್ಕೆ ಒಬ್ಬರು ಎರಡನೇ ವಲಯದ ಬ್ರಿಕ್ಸ್‌ಟನ್ನಿನಲ್ಲಿ ಟ್ಯೂಬ್ ಹತ್ತಿ ಒಂದನೇ ವಲಯದ ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿ ಇಳಿದರು. ವಾರದ ದಿನಗಳಲ್ಲಿ ಬೆಳಿಗ್ಗೆ 6:30ರಿಂದ 9:30 ಮತ್ತು ಸಂಜೆ 4ರಿಂದ 7 ಪೀಕ್ ಅವಧಿ, ಅಂದರೆ ಹೆಚ್ಚಿನ ದರದ ಹೊತ್ತು. ಒಳಹೋಗುವಾಗ ಟ್ಯಾಪ್ ಮಾಡಿದ ಸಮಯವೇ ಇದನ್ನು ನಿರ್ಧರಿಸುತ್ತದೆ, ಇಳಿದ ಸಮಯವಲ್ಲ. ದರ 3.50 ಪೌಂಡ್.

ಮಧ್ಯಾಹ್ನ 12:30ಕ್ಕೆ ಆಕ್ಸ್‌ಫರ್ಡ್ ಸರ್ಕಸ್‌ನಿಂದ ವಾಟರ್‌ಲೂಗೆ. ಎರಡೂ ಒಂದನೇ ವಲಯ, ಪೀಕ್ ಅಲ್ಲದ ಹೊತ್ತು, 2.80. ಇಲ್ಲಿಗೆ ಒಟ್ಟು 6.30.

ಮೂರು ಗಂಟೆಗೆ ವಾಟರ್‌ಲೂಯಿಂದ ಬಸ್ಸಿನಲ್ಲಿ ವಾಪಸ್, 1.75. ಒಟ್ಟು 8.05. ಬಸ್ಸಿನ ದರವೂ ಇದೇ ಮಿತಿಯೊಳಗೆ ಸೇರಿಕೊಳ್ಳುತ್ತದೆ.

ಸಂಜೆ 5:45ಕ್ಕೆ ಆಕ್ಸ್‌ಫರ್ಡ್ ಸರ್ಕಸ್‌ನಿಂದ ಬ್ರಿಕ್ಸ್‌ಟನ್ನಿಗೆ, ಪೀಕ್ ದರ 3.50. ಕೂಡಿಸಿದರೆ 11.55 ಆಗಬೇಕಿತ್ತು, ಆದರೆ ಮಿತಿ 8.90. ಹಾಗಾಗಿ ಈ ಪ್ರಯಾಣಕ್ಕೆ ಬಿದ್ದದ್ದು 85 ಪೆನ್ಸ್ ಮಾತ್ರ. ರಾತ್ರಿ 9ಕ್ಕೆ ಊಟಕ್ಕೆಂದು ಬಸ್ಸಿನಲ್ಲಿ ಹೋದದ್ದಕ್ಕೆ ಸೊನ್ನೆ.

ಬಿಡಿಬಿಡಿಯಾಗಿ 13.30 ಪೌಂಡ್ ಆಗುತ್ತಿದ್ದದ್ದು 8.90ಕ್ಕೆ ನಿಂತಿತು. ಬರೀ ಬಸ್ಸಿನಲ್ಲಿ ಓಡಾಡುವವರಿಗೆ ಮಿತಿ ಇನ್ನೂ ಕಡಿಮೆ, ಅದೇ ಪಟ್ಟಿಯಲ್ಲಿ 5.25 ಪೌಂಡ್. ಸರಿಯಾಗಿ ಮೂರು ಬಸ್ಸಿನ ದರ, ನಾಲ್ಕನೆಯದರಿಂದ ಉಚಿತ.

"ದಿನ" ಅಂದರೆ ಇಲ್ಲಿ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ ಅಲ್ಲ. ಬೆಳಗಿನ ಜಾವ 4:30ಕ್ಕೆ ಶುರುವಾಗಿ ಮರುದಿನ 4:29ಕ್ಕೆ ಮುಗಿಯುತ್ತದೆ. ತಡರಾತ್ರಿ ಒಂದು ಗಂಟೆಯ ಬಸ್ಸು ಹಿಂದಿನ ದಿನದ ಲೆಕ್ಕಕ್ಕೇ ಹೋಗುತ್ತದೆ. ಮಿತಿ ಮುಗಿದಿದ್ದರೆ ಅದಕ್ಕೂ ದುಡ್ಡಿಲ್ಲ.

ಮಿತಿ ಕೈತಪ್ಪುವುದು ಹೀಗೆ

ಅದೇ ಮಂಗಳವಾರ. ಹಗಲಿಡೀ ಪ್ಲಾಸ್ಟಿಕ್ ಕಾರ್ಡ್ ಬಳಸಿದವರು ಸಂಜೆ ಕೈಯಲ್ಲಿ ಚೀಲ ಇದ್ದುದರಿಂದ ಫೋನನ್ನು ಹಿಡಿದರು ಅಂದುಕೊಳ್ಳಿ. ಫೋನಿನಲ್ಲಿರುವುದೂ ಅದೇ ಬ್ಯಾಂಕಿನ ಅದೇ ಕಾರ್ಡ್, ದುಡ್ಡು ಹೋಗುವುದೂ ಅದೇ ಖಾತೆಯಿಂದ. ಆದರೆ ಸುರಕ್ಷತೆಗಾಗಿ ಫೋನ್ ಕಾರ್ಡಿನ ಅಸಲಿ ಸಂಖ್ಯೆಯನ್ನು ಗೇಟಿಗೆ ಕೊಡುವುದಿಲ್ಲ. ತನ್ನದೇ ಆದ ಬೇರೊಂದು ಸಂಖ್ಯೆ ಕೊಡುತ್ತದೆ. ಟಿಎಫ್‌ಎಲ್ ಲೆಕ್ಕದಲ್ಲಿ ಇಬ್ಬರು ಪ್ರಯಾಣಿಕರಾದರು. ಕಾರ್ಡಿನ ಪುಟದಲ್ಲಿ 8.05, ಫೋನಿನ ಪುಟದಲ್ಲಿ 3.50 ಮತ್ತು 1.75, ಒಟ್ಟು 5.25. ಎರಡರಲ್ಲೂ ಮಿತಿ ಉಪಯೋಗಕ್ಕೆ ಬರಲಿಲ್ಲ, 13.30 ಪೂರ್ತಿ ಹೋಯಿತು. ಕೈಗಡಿಯಾರಕ್ಕೂ ಇದೇ ಮಾತು: ಫೋನಿನದ್ದೊಂದು ಸಂಖ್ಯೆ, ಗಡಿಯಾರದ್ದು ಇನ್ನೊಂದು. ಬೆಳಿಗ್ಗೆ ಯಾವುದರಿಂದ ಶುರು ಮಾಡಿದಿರೋ ಅದನ್ನೇ ರಾತ್ರಿಯವರೆಗೆ ಬಳಸಿ.

ಇದಕ್ಕಿಂತ ಕೆಟ್ಟದ್ದು ಪ್ರಯಾಣದ ನಡುವೆ ಬದಲಾಯಿಸುವುದು. ಕಾರ್ಡಿನಲ್ಲಿ ಒಳಹೋಗಿ ಫೋನಿನಲ್ಲಿ ಹೊರಬಂದರೆ, ಕಾರ್ಡಿನ ಪುಟದಲ್ಲಿ ಹೊರಬಂದ ದಾಖಲೆ ಇಲ್ಲ, ಫೋನಿನ ಪುಟದಲ್ಲಿ ಒಳಹೋದ ದಾಖಲೆ ಇಲ್ಲ. ಎರಡೂ ಅಪೂರ್ಣ ಪ್ರಯಾಣಗಳು. ಅಪೂರ್ಣವಾದದ್ದಕ್ಕೆ ಗರಿಷ್ಠ ದರ ಹಾಕುತ್ತಾರೆ, ಅದೂ ಎರಡು ಸಲ. ಈ ಗರಿಷ್ಠ ದರ ದಿನದ ಮಿತಿಗೆ ಸೇರುವುದಿಲ್ಲ ಎಂಬುದು ಇನ್ನೂ ನೋವಿನ ಸಂಗತಿ. ಮಿತಿ ಮುಗಿದ ಮೇಲೂ ಅದು ಪ್ರತ್ಯೇಕವಾಗಿ ಬಂದು ಕೂರುತ್ತದೆ.

ಬೇಕೆಂದೇ ಯಾರೂ ಹೀಗೆ ಮಾಡುವುದಿಲ್ಲ, ಪರ್ಸು ಮಾಡಿಸುತ್ತದೆ. ಎರಡು ಕಾಂಟ್ಯಾಕ್ಟ್‌ಲೆಸ್ ಕಾರ್ಡುಗಳಿರುವ ಪರ್ಸನ್ನು ಹಾಗೆಯೇ ರೀಡರಿಗೆ ಒತ್ತಿದರೆ, ಒಳಹೋಗುವಾಗ ಮೇಲಿನ ಕಾರ್ಡನ್ನೂ ಹೊರಬರುವಾಗ ಕೆಳಗಿನದನ್ನೂ ಅದು ಓದಿಕೊಂಡೀತು. ಫೋನಿನ ಕವರಿನ ಹಿಂದೆ ಕಾರ್ಡ್ ಸಿಕ್ಕಿಸಿಕೊಂಡವರಿಗೂ ಇದೇ ಗತಿ. ಎರಡು ಕಾರ್ಡ್ ಒಟ್ಟಿಗೆ ಕಂಡಾಗ ಗೇಟು ತೆರೆಯದೇ ಇದ್ದರೆ ನಿಮ್ಮ ಪುಣ್ಯ, ತಪ್ಪು ಅಲ್ಲೇ ಗೊತ್ತಾಗುತ್ತದೆ. ತೆರೆದುಬಿಟ್ಟರೆ ಗೊತ್ತಾಗುವುದು ಮರುದಿನ.

ಫೋನಿನವರು ಬ್ಯಾಟರಿಯ ಬಗ್ಗೆ ಎಚ್ಚರ ವಹಿಸಬೇಕು. ಒಳಹೋಗುವಾಗ ಇದ್ದ ಚಾರ್ಜು ಇಳಿಯುವ ಹೊತ್ತಿಗೆ ಮುಗಿದಿದ್ದರೆ, ಬೇರೆ ಕಾರ್ಡ್ ಹಿಡಿಯುವ ಬದಲು ಗೇಟಿನ ಸಿಬ್ಬಂದಿಗೆ ಹೇಳಿ ಹೊರಬನ್ನಿ. ಆಗ ಅಪೂರ್ಣ ಪ್ರಯಾಣ ಒಂದೇ ಉಳಿಯುತ್ತದೆ, ಅದನ್ನು ಆಮೇಲೆ ಸರಿಪಡಿಸಿಕೊಳ್ಳಬಹುದು.

ಮತ್ತೆ, ಕಾರ್ಡ್ ನಡೆಯುವ ಎಲ್ಲ ಕಡೆಯೂ ಮಿತಿ ನಡೆಯುವುದಿಲ್ಲ. ಹೀಥ್ರೂ ಎಕ್ಸ್‌ಪ್ರೆಸ್ ರೈಲಿನಲ್ಲಿಯೂ ಥೇಮ್ಸ್ ನದಿಯ ದೋಣಿಗಳಲ್ಲಿಯೂ ಟ್ಯಾಪ್ ಮಾಡಬಹುದು, ಆದರೆ ಆ ದರ ಮಿತಿಗೆ ಹೊರಗಿನದು.

ವಾರದ ಮಿತಿ ಸೋಮವಾರಕ್ಕೆ ಕಟ್ಟುಬಿದ್ದಿದೆ

ದಿನದ ಮಿತಿಯ ಮೇಲೆ ವಾರದ ಮಿತಿ ಇದೆ. ಅದೇ ಪಟ್ಟಿಯಲ್ಲಿ ಒಂದು ಮತ್ತು ಎರಡನೇ ವಲಯಕ್ಕೆ 44.70 ಪೌಂಡ್. ಸೋಮವಾರದಿಂದ ಶುಕ್ರವಾರದವರೆಗೆ ಐದೂ ದಿನ ಮಿತಿ ಮುಟ್ಟಿದವರಿಗೆ 44.50 ಆಗಿರುತ್ತದೆ. ಶನಿವಾರ ಬೀಳುವುದು 20 ಪೆನ್ಸ್, ಭಾನುವಾರ ಏನೂ ಇಲ್ಲ.

ಆದರೆ ಈ ವಾರ ನೀವು ಬಂದ ದಿನದಿಂದ ಎಣಿಸುವ ಏಳು ದಿನವಲ್ಲ. ಸೋಮವಾರದಿಂದ ಭಾನುವಾರದವರೆಗೆ, ಅಷ್ಟೇ. ಗುರುವಾರ ಬಂದು ಮುಂದಿನ ಬುಧವಾರದವರೆಗೆ ದಿನವೂ ಮಿತಿ ಮುಟ್ಟುವಷ್ಟು ಓಡಾಡಿದರೆ ಮೊದಲ ವಾರದಲ್ಲಿ ನಾಲ್ಕು ದಿನಕ್ಕೆ 35.60, ಎರಡನೇ ವಾರದಲ್ಲಿ ಮೂರು ದಿನಕ್ಕೆ 26.70, ಒಟ್ಟು 62.30 ಪೌಂಡ್. ಯಾವ ವಾರದಲ್ಲೂ ಮಿತಿ ಮುಟ್ಟಲಿಲ್ಲ. ಆಯಿಸ್ಟರ್ ಎಂಬ ಸಾರಿಗೆ ಕಾರ್ಡಿನಲ್ಲಿ ಏಳು ದಿನದ ಟ್ರಾವೆಲ್‌ಕಾರ್ಡ್ ಎಂಬ ಪಾಸ್ ಹಾಕಿಸಿಕೊಂಡಿದ್ದರೆ ಅದೇ 44.70ಕ್ಕೆ ಯಾವ ದಿನದಿಂದ ಬೇಕಾದರೂ ಶುರು ಮಾಡಬಹುದಿತ್ತು. ಆಯಿಸ್ಟರ್ ಕಾರ್ಡಿನ ಬೆಲೆ ಬೇರೆ ಕೊಡಬೇಕು, ಆದರೂ ವಾರದ ನಡುವೆ ಬಂದು ಏಳು ದಿನವೂ ಚೆನ್ನಾಗಿ ಸುತ್ತುವವರಿಗೆ ಬ್ಯಾಂಕ್ ಕಾರ್ಡಿಗಿಂತ ಅದೇ ಅಗ್ಗ. ದಿನಕ್ಕೆ ಎರಡೇ ಪ್ರಯಾಣ ಮಾಡುವವರು ಈ ತಲೆನೋವಿಗೆ ಹೋಗಬೇಕಿಲ್ಲ, ಬ್ಯಾಂಕ್ ಕಾರ್ಡೇ ಸಾಕು.

ಮರುದಿನ ಲೆಕ್ಕ ನೋಡಿಕೊಳ್ಳುವುದು

ಬ್ಯಾಂಕಿನ ಪಟ್ಟಿಯಲ್ಲಿ `TFL TRAVEL CH` ಎಂದು ದಿನಕ್ಕೊಂದು ಸಾಲು ಕಾಣುತ್ತದೆ. ಹೊಸ ಕಾರ್ಡಿನ ಮೊದಲ ಬಳಕೆಯಲ್ಲಿ 10 ಪೆನ್ಸಿನಂಥ ಸಣ್ಣ ಮೊತ್ತ ಬಾಕಿ ಎಂದು ಕಂಡರೆ ಗಾಬರಿ ಬೇಡ, ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ನೋಡುವ ಪರೀಕ್ಷೆ ಅದು. ನಿಜವಾದ ಮೊತ್ತ ಆಮೇಲೆ ಬರುತ್ತದೆ.

ಬ್ಯಾಂಕಿನ ಸಾಲಿನಲ್ಲಿ ಯಾವ ಪ್ರಯಾಣಕ್ಕೆ ಎಷ್ಟು ಎಂಬುದು ಇರುವುದಿಲ್ಲ. ಅದಕ್ಕೆ `tfl.gov.uk` ತಾಣದಲ್ಲಿ ಖಾತೆ ತೆರೆದು ಕಾರ್ಡನ್ನು ಸೇರಿಸಬೇಕು. ಹನ್ನೆರಡು ತಿಂಗಳ ಪ್ರಯಾಣಗಳನ್ನು ಅಲ್ಲಿ ನೋಡಬಹುದು. ನೋಡಬೇಕಾದದ್ದು ಎರಡೇ. ಒಂದು, ಯಾವುದಾದರೂ ಪ್ರಯಾಣದಲ್ಲಿ ಒಳಹೋದ ಅಥವಾ ಹೊರಬಂದ ನಿಲ್ದಾಣದ ಹೆಸರು ಇಲ್ಲವೇ. ಇಲ್ಲದಿದ್ದರೆ ಅದು ಅಪೂರ್ಣ. ಎರಡು, ದಿನದ ಒಟ್ಟು ಮೊತ್ತ ಆ ವಲಯಗಳ ಮಿತಿಗಿಂತ ಹೆಚ್ಚಾಗಿದೆಯೇ. ಹೆಚ್ಚಾಗಿದ್ದರೆ ನಡುವೆ ಎಲ್ಲೋ ಗರಿಷ್ಠ ದರ ಸೇರಿಕೊಂಡಿದೆ.

ಅಪೂರ್ಣ ಪ್ರಯಾಣವನ್ನು ಖಾತೆಯಲ್ಲೇ ತೆರೆದು, ಬಿಟ್ಟುಹೋದ ನಿಲ್ದಾಣವನ್ನು ಆರಿಸಿ, ಕಾರಣ ತಿಳಿಸಿದರೆ ಸರಿಯಾದ ದರ ಹಾಕಿ ಉಳಿದದ್ದನ್ನು ಅದೇ ಕಾರ್ಡಿಗೆ ಹಿಂತಿರುಗಿಸುತ್ತಾರೆ. ಪ್ರಯಾಣ ಮಾಡಿದ ಎಂಟು ವಾರದೊಳಗೆ ಕೇಳಬೇಕು. ದಿನವೂ ಒಂದೇ ದಾರಿಯಲ್ಲಿ ಹೋಗುವವರದ್ದನ್ನು ಎಷ್ಟೋ ಸಲ ಕಂಪ್ಯೂಟರೇ ಊಹಿಸಿ ಸರಿಪಡಿಸಿರುತ್ತದೆ. ಹಾಗಾಗಿ ಎರಡು ದಿನ ಕಾದು ನೋಡಿ ಆಮೇಲೆ ಕೇಳುವುದು ಒಳ್ಳೆಯದು.

ಬ್ಯಾಂಕ್ ಹಣ ಕೊಡದೆ ಕಾರ್ಡ್ ನಿಷೇಧದ ಪಟ್ಟಿಗೆ ಸೇರಿದ್ದರೆ ಎಲ್ಲ ಗೇಟುಗಳಲ್ಲೂ ಕೆಂಪು ದೀಪ ಬರುತ್ತದೆ. ಖಾತೆಗೆ ಹಣ ಹಾಕಿದ ಮಾತ್ರಕ್ಕೆ ಗೇಟಿಗೆ ಅದು ಗೊತ್ತಾಗುವುದಿಲ್ಲ. ಟಿಎಫ್‌ಎಲ್ ಖಾತೆಯೊಳಗೆ ಹೋಗಿ ಬಾಕಿಯನ್ನು ತೀರಿಸಿ, ಪಟ್ಟಿಯಿಂದ ಕಾರ್ಡ್ ಹೊರಬರುವವರೆಗೆ ಸ್ವಲ್ಪ ಹೊತ್ತು ಕಾಯಬೇಕು.

ರೈಲಿನಲ್ಲೋ ಬಸ್ಸಿನಲ್ಲೋ ತಪಾಸಣೆಯವರು ಬಂದು ಕೇಳಿದರೆ ಟ್ಯಾಪ್ ಮಾಡಿದ ಅದೇ ಕಾರ್ಡನ್ನೋ ಫೋನನ್ನೋ ಅವರ ಯಂತ್ರಕ್ಕೆ ಮುಟ್ಟಿಸಿ. ಬ್ಯಾಂಕಿನ ಸಂದೇಶವಾಗಲಿ ಖಾತೆಯ ಪಟ್ಟಿಯಾಗಲಿ ಅಲ್ಲಿ ಪುರಾವೆಯಾಗುವುದಿಲ್ಲ, ಯಾಕೆಂದರೆ ದುಡ್ಡು ಇನ್ನೂ ಕಡಿತವಾಗಿಯೇ ಇರುವುದಿಲ್ಲ. ಟ್ಯಾಪ್ ಮಾಡದೆ ಸಿಕ್ಕಿಬಿದ್ದರೆ 2024ರ ಮಾರ್ಚ್‌ನಿಂದ ದಂಡ 100 ಪೌಂಡ್. 21 ದಿನದೊಳಗೆ ಕಟ್ಟಿದರೆ 50.